ಮುಗಿದ ಸೆಲ್ಲಿನಲ್ಲಿ ಉಳಿಯುವ ವೋಲ್ಟೇಜು

ಬಿಪಿ ನೋಡುವ ಮಷೀನು ಇರುವ ಮನೆಗಳಲ್ಲಿ ಇದು ಹೊಸದೇನಲ್ಲ. ಪಟ್ಟಿಯನ್ನು ತೋಳಿಗೆ ಸುತ್ತಿ ಬಟನ್ ಒತ್ತುತ್ತೀರಿ. ಪರದೆಯ ಮೇಲೆ ಅಂಕಿಗಳು ಮೂಡುತ್ತವೆ, ಒಳಗಿನ ಪುಟ್ಟ ಪಂಪು ಗುರ್ರೆಂದು ಶುರುವಾಗುತ್ತದೆ, ಎರಡು ಸೆಕೆಂಡಿನಲ್ಲಿ ಅದರ ಸದ್ದು ಸೊರಗುತ್ತದೆ, ಪರದೆಯೂ ಆರಿಹೋಗುತ್ತದೆ. ಇನ್ನೊಮ್ಮೆ ಒತ್ತಿದರೆ ಮತ್ತದೇ ಕಥೆ. ಹಿಂದಿನ ಮುಚ್ಚಳ ತೆಗೆದು ನಾಲ್ಕೂ ಆಲ್ಕಲೈನ್ ಸೆಲ್ಲುಗಳನ್ನು ಹೊರಗೆ ಹಾಕಿ, ಮನೆಯಲ್ಲಿರುವ ಡಿಜಿಟಲ್ ಮಲ್ಟಿಮೀಟರಿನ ಕಡ್ಡಿಗಳನ್ನು ಒಂದೊಂದಕ್ಕೂ ತಾಗಿಸಿದರೆ 1.27, 1.28, 1.26, 1.27 ಎಂದು ತೋರಿಸುತ್ತದೆ. ಸೆಲ್ಲಿನ ಮೈಮೇಲೆ ಬರೆದಿರುವುದು 1.5 ವೋಲ್ಟ್. ಲೆಕ್ಕಕ್ಕೆ ನೂರಕ್ಕೆ ಎಂಬತ್ತೈದು ಪಾಲು ಹಾಗೇ ಇದೆ. ಹಾಗಾದರೆ ಕೆಟ್ಟಿರುವುದು ಸೆಲ್ಲೋ, ಮಷೀನೋ?

ಅನುಮಾನವನ್ನು ಇನ್ನಷ್ಟು ಗೊಂದಲಗೊಳಿಸುವ ಸಂಗತಿ ಒಂದಿದೆ. ಚಾರ್ಜ್ ಮಾಡಿ ಮತ್ತೆ ಮತ್ತೆ ಬಳಸುವ ನಿಕಲ್ ಸೆಲ್ಲುಗಳ ಮೈಮೇಲೆ ಬರೆದಿರುವುದೇ 1.2 ವೋಲ್ಟ್. ಚಾರ್ಜ್ ಆದ ಅಂಥ ನಾಲ್ಕು ಸೆಲ್ಲುಗಳನ್ನು ಅದೇ ಮಷೀನಿಗೆ ಹಾಕಿದರೆ ಪಂಪು ಯಾವ ತಕರಾರೂ ಇಲ್ಲದೆ ಓಡುತ್ತದೆ. ಹೆಚ್ಚುಕಡಿಮೆ ಅಷ್ಟೇ ವೋಲ್ಟೇಜು ತೋರಿಸುವ ಹಳೆಯ ಆಲ್ಕಲೈನ್ ಸೆಲ್ಲಿನಲ್ಲಿ ಮಾತ್ರ ಓಡುವುದಿಲ್ಲ. ಎಂದರೆ ಮಷೀನು ಕೇಳುತ್ತಿರುವುದು ಬರೀ ವೋಲ್ಟೇಜನ್ನಲ್ಲ, ಇನ್ನೇನನ್ನೋ. ಆ ಇನ್ನೇನೋ ಮೀಟರಿಗೆ ಕಾಣುತ್ತಿಲ್ಲ.

ಅದು ಯಾಕೆ ಕಾಣುವುದಿಲ್ಲ ಎಂದರೆ, ಮೀಟರು ಸೆಲ್ಲಿನಿಂದ ಕೆಲಸವನ್ನೇ ಮಾಡಿಸುವುದಿಲ್ಲ. ಇಂದಿನ ಸಾಮಾನ್ಯ ಡಿಜಿಟಲ್ ಮೀಟರುಗಳ ಒಳರೋಧ ಸುಮಾರು 10 ಮೆಗಾಓಮ್, ಅಂದರೆ ಒಂದು ಕೋಟಿ ಓಮ್. ಅಷ್ಟು ದೊಡ್ಡ ರೋಧದ ಮೂಲಕ 1.27 ವೋಲ್ಟ್ ಹರಿಸಬಲ್ಲ ಕರೆಂಟು ಒಂದು ಮೈಕ್ರೋಆಂಪಿಯರಿನ ಎಂಟನೇ ಒಂದು ಭಾಗ. ಬಿಪಿ ಮಷೀನಿನ ಪಂಪು ಎಳೆಯುವುದು ಹೆಚ್ಚುಕಡಿಮೆ ಅರ್ಧ ಆಂಪಿಯರ್. ಎರಡಕ್ಕೂ ನಡುವಿನ ಅಂತರ ಸುಮಾರು ನಲವತ್ತು ಲಕ್ಷ ಪಟ್ಟು. ಮೀಟರನ್ನು ಹಾಗೆ ತಯಾರಿಸಿರುವುದೂ ಬೇಕೆಂದೇ. ಅಳೆಯುವ ಸಾಧನವೇ ಕರೆಂಟು ಎಳೆದುಕೊಂಡರೆ ಅಳೆಯಬೇಕಾದ ವೋಲ್ಟೇಜು ಅಲ್ಲೇ ಬದಲಾಗಿಬಿಡುತ್ತದೆ. ಸರ್ಕ್ಯೂಟುಗಳನ್ನು ತಪಾಸಣೆ ಮಾಡುವವರಿಗೆ ಇದು ಒಳ್ಳೆಯ ಗುಣ, ಸೆಲ್ಲಿನ ಆರೋಗ್ಯ ನೋಡುವವರಿಗೆ ಇದೇ ತೊಡಕು.

ರೇಡಿಯೊ ರಿಪೇರಿ ಅಂಗಡಿಯವರಿಗೆ ಇದು ಮೊದಲಿನಿಂದಲೂ ಗೊತ್ತು. ನಿವೃತ್ತ ಮೇಷ್ಟ್ರೊಬ್ಬರು ಇಂಥ ನಾಲ್ಕು ಸೆಲ್ಲು, ಒಂದು ಮಷೀನು ಹಿಡಿದುಕೊಂಡು ಬಂದು, “ನೋಡಪ್ಪಾ, ಸೆಲ್ಲೆಲ್ಲ ಸರಿಯಾಗಿದೆ, ನಾನೇ ಮೀಟರಲ್ಲಿ ನೋಡಿದೀನಿ. ಮಷೀನೇ ಕೆಟ್ಟಿರಬೇಕು,” ಎಂದಾಗ ಅಂಗಡಿಯ ಹುಡುಗ ನಕ್ಕದ್ದನ್ನು ನೋಡಿದ್ದೇನೆ. “ಮೀಟರು ಅದನ್ನ ಏನೂ ಕೇಳೋದೇ ಇಲ್ಲ ಮೇಷ್ಟ್ರೇ. ಕೇಳಿದಾಗ ಏನಂತದೆ ನೋಡೋಣ, ತಾಳಿ,” ಎನ್ನುತ್ತ ಅವನು ಡಬ್ಬಿಯಿಂದ ಹತ್ತು ಓಮಿನ ಒಂದು ರೆಸಿಸ್ಟರ್ ತೆಗೆದು, ಅದರ ಎರಡು ಕಾಲುಗಳನ್ನು ಸೆಲ್ಲಿನ ಎರಡು ತುದಿಗೆ ಒತ್ತಿ ಹಿಡಿದು, ಮೀಟರಿನ ಕಡ್ಡಿಗಳನ್ನೂ ಅಲ್ಲೇ ತಾಗಿಸಿದ.

ಈ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಅರ್ಧ ವ್ಯಾಟಿನ ಹತ್ತು ಓಮ್ ರೆಸಿಸ್ಟರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿ. ಹೊಸ ಎಎ ಆಲ್ಕಲೈನ್ ಸೆಲ್ಲು ಸುಮ್ಮನಿದ್ದಾಗ 1.58 ವೋಲ್ಟ್ ತೋರಿಸುತ್ತಿದ್ದರೆ, ರೆಸಿಸ್ಟರ್ ತಾಗಿಸಿದ ಕೂಡಲೇ 1.55ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಆಗ ಹರಿಯುತ್ತಿರುವ ಕರೆಂಟು 0.155 ಆಂಪಿಯರ್, ಕಳೆದುಹೋದದ್ದು 0.03 ವೋಲ್ಟ್. ಕಳೆದ ವೋಲ್ಟನ್ನು ಕರೆಂಟಿನಿಂದ ಭಾಗಿಸಿದರೆ ಸುಮಾರು 0.19 ಓಮ್ ಬರುತ್ತದೆ. ಇದು ಹೊರಗಿನ ಯಾವ ತಂತಿಯದ್ದೂ ಅಲ್ಲ, ಸೆಲ್ಲಿನ ಹೊಟ್ಟೆಯೊಳಗೇ ಇರುವ ರೋಧ. ಪಿಯುಸಿ ಭೌತಶಾಸ್ತ್ರದಲ್ಲಿ ‘ಆಂತರಿಕ ರೋಧ’ ಎಂದು ಓದಿ, ಲೆಕ್ಕ ಮಾಡಿ, ಮರೆತದ್ದು ಇದನ್ನೇ.

ಈಗ ಬಿಪಿ ಮಷೀನಿನಿಂದ ತೆಗೆದ ಸೆಲ್ಲು. ಸುಮ್ಮನಿದ್ದಾಗ 1.27, ರೆಸಿಸ್ಟರ್ ತಾಗಿಸಿದರೆ 1.19. ಕಳೆದದ್ದು 0.08 ವೋಲ್ಟ್, ಹರಿದದ್ದು 0.119 ಆಂಪಿಯರ್. ಆಂತರಿಕ ರೋಧ ಸುಮಾರು 0.67 ಓಮ್. ವೋಲ್ಟೇಜು ಹೊಸ ಸೆಲ್ಲಿಗಿಂತ ಐದನೇ ಒಂದು ಪಾಲಿನಷ್ಟು ಮಾತ್ರ ಇಳಿದಿದೆ, ರೋಧವೋ ಮೂರೂವರೆ ಪಟ್ಟು ಏರಿದೆ. ಮೀಟರು ಮೊದಲನೆಯದನ್ನು ಹೇಳಿತ್ತು, ಎರಡನೆಯದನ್ನು ಹೇಳಿರಲಿಲ್ಲ.

ಇದೇ ಅಂಕಿಗಳನ್ನು ಪಂಪಿನ ಲೆಕ್ಕಕ್ಕೆ ಹಾಕೋಣ. ಪಂಪು ಅರ್ಧ ಆಂಪಿಯರ್ ಎಳೆದರೆ ಹೊಸ ಸೆಲ್ಲಿನೊಳಗೆ ಕಳೆಯುವುದು 0.1 ವೋಲ್ಟಿಗಿಂತ ಕಡಿಮೆ. ನಾಲ್ಕು ಸೇರಿ ಮಷೀನಿಗೆ 5.9 ವೋಲ್ಟ್ ಸಿಗುತ್ತದೆ. ಹಳೆಯ ಸೆಲ್ಲಿನೊಳಗೆ ಕಳೆಯುವುದು 0.33 ವೋಲ್ಟ್. ಒಂದೊಂದೂ 0.94ಕ್ಕೆ ಕುಸಿದು, ನಾಲ್ಕೂ ಸೇರಿ ಸಿಗುವುದು 3.7 ವೋಲ್ಟ್. ಆರು ವೋಲ್ಟಿನ ಪಂಪು ಸೊರಗುವುದು ಇಲ್ಲೇ. ವೋಲ್ಟೇಜು ಇಷ್ಟು ಬಿದ್ದದ್ದನ್ನು ಮಷೀನಿನ ಚಿಪ್ ಗಮನಿಸಿ, ತಪ್ಪು ರೀಡಿಂಗ್ ಕೊಡುವುದಕ್ಕಿಂತ ನಿಲ್ಲಿಸುವುದೇ ವಾಸಿ ಎಂದು ಎಲ್ಲವನ್ನೂ ಆರಿಸುತ್ತದೆ. ಪಂಪು ನಿಂತ ಮರುಕ್ಷಣ ಕರೆಂಟು ಇಲ್ಲ. ಕರೆಂಟು ಇಲ್ಲದಿದ್ದರೆ ಒಳಗೆ ಕಳೆಯುವುದೂ ಇಲ್ಲ. ನೀವು ಕಪಾಟಿನಿಂದ ಮೀಟರು ಹುಡುಕಿ ತರುವಷ್ಟರಲ್ಲಿ ಸೆಲ್ಲು ಸಾವರಿಸಿಕೊಂಡು ಮತ್ತೆ 1.27 ತೋರಿಸುತ್ತ ಕೂತಿರುತ್ತದೆ.

ಗಡಸು ನೀರಿನ ಊರುಗಳಲ್ಲಿ ವಾಸಿಸುವವರಿಗೆ ಒಂದು ಹೋಲಿಕೆ ಸಾಕಾಗಬಹುದು. ತಾರಸಿಯ ಟ್ಯಾಂಕಿನಲ್ಲಿ ನೀರಿದೆ, ಪೈಪಿನೊಳಗೆ ಸುಣ್ಣ ಕಟ್ಟಿದೆ. ನಲ್ಲಿ ಮುಚ್ಚಿಟ್ಟಷ್ಟು ಹೊತ್ತು ಪೈಪಿನ ತುದಿಯಲ್ಲಿ ಟ್ಯಾಂಕಿನ ಪೂರ್ತಿ ಒತ್ತಡವೇ ಇರುತ್ತದೆ. ತಿರುಗಿಸಿದರೆ ಮಾತ್ರ ನೀರು ಸಣ್ಣಗೆ ಬರುತ್ತದೆ. ಸೆಲ್ಲಿನೊಳಗೂ ಬಹಳಮಟ್ಟಿಗೆ ಹೀಗೆಯೇ ಏನೋ ‘ಕಟ್ಟಿಕೊಳ್ಳುತ್ತದೆ’. ಅದೇನು ಎಂದು ತಿಳಿಯಬೇಕಾದರೆ ಒಳಗೆ ಇಣುಕಬೇಕು. (ಕಣ್ಣಿನಲ್ಲಲ್ಲ. ಆಲ್ಕಲೈನ್ ಸೆಲ್ಲನ್ನು ಕತ್ತರಿಸಿ ನೋಡುವ ಸಾಹಸ ಬೇಡ, ಒಳಗಿರುವುದು ಚರ್ಮವನ್ನೂ ಕಣ್ಣನ್ನೂ ಸುಡುವ ಕ್ಷಾರ.)

ಎಎ ಸೆಲ್ಲಿನ ಹೊರಗವಚ ಉಕ್ಕಿನದು. ಅದರ ಒಳಗೋಡೆಗೆ ಅಂಟಿಕೊಂಡಂತೆ ಕಪ್ಪನೆಯ ಗಟ್ಟಿ ಉಂಗುರಗಳಿರುತ್ತವೆ. ಅದು ಮ್ಯಾಂಗನೀಸ್ ಡೈಆಕ್ಸೈಡ್ ಪುಡಿ, ಕರೆಂಟು ಸಾಗಲಿ ಎಂದು ಅದಕ್ಕೆ ಸ್ವಲ್ಪ ಗ್ರಾಫೈಟ್ ಬೆರೆಸಿರುತ್ತಾರೆ. ಇದು ಧನ ತುದಿ. ನಡುವಿನ ಟೊಳ್ಳಿನಲ್ಲಿ, ಕಾಗದದಂಥ ತೆಳು ಪದರದ ಒಳಗೆ, ಸತುವಿನ ಪುಡಿ ಕಲಸಿದ ಬೂದುಬಣ್ಣದ ಲೋಳೆ ಇರುತ್ತದೆ. ಅದರ ಮಧ್ಯಕ್ಕೆ ಚುಚ್ಚಿದ ಹಿತ್ತಾಳೆಯ ಮೊಳೆ ಋಣ ತುದಿಗೆ ಸೇರುತ್ತದೆ. ಎರಡನ್ನೂ ನೆನೆಸಿರುವ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್.

ಸತುವನ್ನು ಪುಡಿ ಮಾಡಿ ಹಾಕಿದ್ದರ ಹಿಂದೆ ಒಂದು ಕಥೆ ಇದೆ. 1950ರ ದಶಕದ ನಡುವೆ ಯೂನಿಯನ್ ಕಾರ್ಬೈಡ್ ಕಂಪನಿ ಲೂಯಿಸ್ ಅರಿ ಎಂಬ ಕೆನಡಾದ ಯುವ ರಸಾಯನ ಎಂಜಿನಿಯರನ್ನು ಅಮೆರಿಕದ ಒಹಾಯೊ ರಾಜ್ಯದ ಪಾರ್ಮಾದಲ್ಲಿದ್ದ ತನ್ನ ಪ್ರಯೋಗಾಲಯಕ್ಕೆ ಕಳುಹಿಸಿತು. ಆಗಿನ ಸತು-ಕಾರ್ಬನ್ ಸೆಲ್ಲುಗಳ ಆಯುಷ್ಯ ಹೆಚ್ಚಿಸುವುದು ಅವರ ಕೆಲಸವಾಗಿತ್ತು. ಅರಿ ಅದರ ಬದಲು ಕ್ಷಾರದ ದ್ರವವಿರುವ ಬೇರೆಯದೇ ಸೆಲ್ಲಿನ ಬೆನ್ನು ಹತ್ತಿದರು. ಗಟ್ಟಿ ಸತುವಿನಿಂದ ಸಾಕಷ್ಟು ಕರೆಂಟು ಬರಲಿಲ್ಲ. ಪುಡಿ ಮಾಡಿದಾಗ ಬಂತು, ಯಾಕೆಂದರೆ ದ್ರವಕ್ಕೆ ತಾಗುವ ಮೇಲ್ಮೈ ಎಷ್ಟೋ ಪಟ್ಟು ಹೆಚ್ಚಿತು. ಆ ಸೆಲ್ಲನ್ನು ಅವರು ಮೇಲಧಿಕಾರಿಗೆ ತೋರಿಸಿದ್ದು ಅಂಕಿಅಂಶಗಳ ವರದಿಯಲ್ಲಲ್ಲ. ಎರಡು ಆಟಿಕೆ ಕಾರು ತಂದು, ಒಂದಕ್ಕೆ ಹಳೆಯ ಬಗೆಯ ಸೆಲ್ಲು, ಇನ್ನೊಂದಕ್ಕೆ ತಮ್ಮದನ್ನು ಹಾಕಿ ಕ್ಯಾಂಟೀನಿನ ನೆಲದ ಮೇಲೆ ಓಡಲು ಬಿಟ್ಟರು. ಹಳೆಯದು ಬೇಗ ನಿಂತಿತು, ಹೊಸದು ಓಡುತ್ತಲೇ ಇತ್ತು. 1959ರಲ್ಲಿ ಸೆಲ್ಲು ಮಾರುಕಟ್ಟೆಗೆ ಬಂತು. ಮೀಟರಿನಲ್ಲಿ ನೋಡಿದ್ದರೆ ಅಂದಿನ ಎರಡೂ ಸೆಲ್ಲುಗಳು ಒಂದೂವರೆ ವೋಲ್ಟಿನ ಆಸುಪಾಸಿನವೇ.

ವೋಲ್ಟೇಜು ಎಲ್ಲಿಂದ ಬರುತ್ತದೆ? ಸತು ಎಲೆಕ್ಟ್ರಾನನ್ನು ಬಿಟ್ಟುಕೊಡಲು ಎಷ್ಟು ಸಿದ್ಧವಿದೆ, ಮ್ಯಾಂಗನೀಸ್ ಡೈಆಕ್ಸೈಡ್ ಅದನ್ನು ಪಡೆಯಲು ಎಷ್ಟು ಹಸಿದಿದೆ, ಈ ಎರಡರ ಅಂತರವೇ ವೋಲ್ಟೇಜು. ಇಲ್ಲಿ ಗಮನಿಸಬೇಕಾದದ್ದು, ಇದು ಒಂದೊಂದು ಎಲೆಕ್ಟ್ರಾನಿಗೂ ಸಂಬಂಧಿಸಿದ ಲೆಕ್ಕ. ಒಳಗೆ ಸತು ಎಷ್ಟಿದೆ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಪೆನ್ಸಿಲ್ ಗಾತ್ರದ ಎಎಎ ಸೆಲ್ಲಿಗೂ ಹಳೆಯ ಟಾರ್ಚಿನ ದಪ್ಪ ಡಿ ಸೆಲ್ಲಿಗೂ ಅದೇ 1.5 ವೋಲ್ಟ್ ಇರುವುದು ಇದಕ್ಕೇ. ಸತು ಮುಕ್ಕಾಲು ಪಾಲು ಖರ್ಚಾಗಿದ್ದರೂ ಉಳಿದ ಕಾಲು ಪಾಲು ಸತುವೇ ತಾನೆ, ಅದರ ಸಿದ್ಧತೆ ಮೊದಲಿನಷ್ಟೇ ಇರುತ್ತದೆ. ಇಳಿಯುವುದು ಮ್ಯಾಂಗನೀಸಿನ ಕಡೆ. ಎಲೆಕ್ಟ್ರಾನ್ ಪಡೆಯುವಾಗ ಅದರ ಹರಳುಗಳೊಳಗೆ ನೀರಿನಿಂದ ಬಂದ ಪ್ರೋಟಾನುಗಳೂ ನುಗ್ಗಿ ಕೂರುತ್ತವೆ. ಜಾಗ ತುಂಬುತ್ತ ಹೋದಂತೆ ಅದರ ಹಸಿವು ನಿಧಾನವಾಗಿ ತಗ್ಗುತ್ತದೆ. 1.58ರಿಂದ 1.3, 1.2ರವರೆಗೆ ವೋಲ್ಟೇಜು ಇಳಿಜಾರಿನಂತೆ ಇಳಿಯುವುದು ಇದರಿಂದ. ಆ ಇಳಿಕೆ ಕೂಡ ಮೆಲ್ಲಗೆ. ಹೀಗಾಗಿ ಸುಮ್ಮನಿರುವ ಸೆಲ್ಲಿನ ವೋಲ್ಟೇಜು ಅದರ ಆಯುಷ್ಯದ ಬಗ್ಗೆ ಸುಳಿವು ಕೊಡುತ್ತದೆಯೇ ಹೊರತು ಅದರ ಶಕ್ತಿಯ ಬಗ್ಗೆ ಅಲ್ಲ.

ಶಕ್ತಿ ಕುಂದುವುದು ಬೇರೆ ಕಾರಣಗಳಿಂದ. ಕರೆಂಟು ಹರಿದಂತೆ ಸತು ಕ್ಷಾರದಲ್ಲಿ ಕರಗುತ್ತದೆ. ದ್ರವ ಹಿಡಿಯುವಷ್ಟು ಕರಗಿದ ಮೇಲೆ ಸತುವಿನ ಆಕ್ಸೈಡ್ ಆಗಿ ಪುಡಿಯ ಕಣಗಳ ಮೇಲೆ, ಕಣಗಳ ನಡುವೆ ಮತ್ತೆ ಕಟ್ಟಿಕೊಳ್ಳುತ್ತದೆ. ಲೋಹದಷ್ಟು ಸಲೀಸಾಗಿ ಇದು ಕರೆಂಟು ಬಿಡುವುದಿಲ್ಲ, ದ್ರವವನ್ನೂ ಸತುವಿನ ತನಕ ಸರಾಗವಾಗಿ ಬಿಡುವುದಿಲ್ಲ. ಜೊತೆಗೆ, ಇಡೀ ಕ್ರಿಯೆ ನೀರನ್ನು ತಿನ್ನುತ್ತದೆ. ಒಂದೊಂದು ಸತುವಿನ ಪರಮಾಣು ಖರ್ಚಾದಾಗಲೂ ಒಂದು ನೀರಿನ ಅಣು ಖರ್ಚಾಗುತ್ತದೆ. ಸೆಲ್ಲಿನಲ್ಲಿ ಮೊದಲೇ ಲೆಕ್ಕ ಹಾಕಿ ತುಂಬಿದ ತೇವ, ಕೊನೆಯ ಹೊತ್ತಿಗೆ ಒಳಗು ಒಣಗತೊಡಗುತ್ತದೆ. ಆ ಕಡೆ ಮ್ಯಾಂಗನೀಸಿನ ಉಂಗುರ ಉಬ್ಬಿ, ಗ್ರಾಫೈಟ್ ಕಣಗಳ ನಡುವಿನ ಸಂಪರ್ಕ ಸಡಿಲವಾಗುತ್ತದೆ. ಇವೆಲ್ಲ ಸೇರಿಯೇ 0.19 ಓಮ್ 0.67 ಆಗುವುದು, ಮುಂದೆ ಒಂದು, ಎರಡು ಓಮ್ ಕೂಡ ಆಗುವುದು.

ಒಳಗೆ ಕಟ್ಟಿಕೊಂಡ ಈ ಆಕ್ಸೈಡನ್ನು ಹೊರಗಿನಿಂದಲೇ ಗುರುತಿಸುವ ಒಂದು ತಮಾಷೆಯ ವಿಧಾನ ಇಂಟರ್ನೆಟ್ಟಿನಲ್ಲಿ ಓಡಾಡುತ್ತಿರುತ್ತದೆ. ಸೆಲ್ಲನ್ನು ಮೇಜಿನ ಮೇಲೆ ನೆಟ್ಟಗೆ ಒಂದೆರಡು ಅಂಗುಲ ಎತ್ತರದಿಂದ ಬಿಡಿ. ಹೊಸದು ತೊಪ್ಪೆಂದು ಬಿದ್ದು ನಿಲ್ಲುತ್ತದೆ, ಹಳೆಯದು ಪುಟಿಯುತ್ತದೆ. ಇದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡ್ಯಾನ್ ಸ್ಟೈನ್‌ಗಾರ್ಟ್ ಮತ್ತು ಸಂಗಡಿಗರು 2015ರಲ್ಲಿ ಗಂಭೀರವಾಗಿಯೇ ಪರೀಕ್ಷಿಸಿದರು. ಹೊಸ ಸೆಲ್ಲಿನ ಸತು ಲೋಳೆಯಾಗಿರುವುದರಿಂದ ಬಿದ್ದ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಆಕ್ಸೈಡ್ ಕಣದಿಂದ ಕಣಕ್ಕೆ ಸೇತುವೆ ಕಟ್ಟಿದಂತೆ ಲೋಳೆ ಗಟ್ಟಿಯಾಗಿ ಪುಟಿಯತೊಡಗುತ್ತದೆ. ಆದರೆ ಅವರು ಕಂಡುಕೊಂಡ ಇನ್ನೊಂದು ಸಂಗತಿ ಈ ಪರೀಕ್ಷೆಯನ್ನು ನೆಚ್ಚಿಕೊಂಡವರಿಗೆ ನಿರಾಸೆಯದು. ಸೆಲ್ಲು ಅರ್ಧದಷ್ಟು ಖರ್ಚಾಗುವ ಹೊತ್ತಿಗೇ ಪುಟಿತ ತನ್ನ ಗರಿಷ್ಠ ಮಟ್ಟ ಮುಟ್ಟಿಬಿಡುತ್ತದೆ. ಪುಟಿಯುವ ಸೆಲ್ಲು ಹೊಸದಲ್ಲ ಎಂದಷ್ಟೇ ಹೇಳಬಹುದು, ಮುಗಿದಿದೆ ಎಂದಲ್ಲ.

ರೆಸಿಸ್ಟರ್ ಪರೀಕ್ಷೆಗೆ ಮರಳಿದರೆ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಹತ್ತು ಸೆಕೆಂಡ್ ಹಾಗೇ ಒತ್ತಿ ಹಿಡಿದಿರಿ. ಹೊಸ ಸೆಲ್ಲಿನ ಅಂಕಿ ಒಮ್ಮೆ ಇಳಿದು ನಿಲ್ಲುತ್ತದೆ. ಹಳೆಯದರ ಅಂಕಿ ಒಮ್ಮೆ ಧಡಕ್ಕನೆ ಇಳಿದು, ಆಮೇಲೂ 1.19, 1.18, 1.17 ಎಂದು ಜಾರುತ್ತಲೇ ಇರುತ್ತದೆ. ಮೊದಲಿನ ಧಡಕ್ಕು ರೋಧದ್ದು. ನಂತರದ ಜಾರುವಿಕೆ ಸರಬರಾಜಿನ ತೊಂದರೆ. ಪ್ರೋಟಾನುಗಳು ಮ್ಯಾಂಗನೀಸ್ ಹರಳಿನ ಹೊರಮೈಯಲ್ಲಿ ಮೊದಲು ತುಂಬುತ್ತವೆ, ಅಲ್ಲಿಂದ ಒಳಗಿನ ಖಾಲಿ ಜಾಗಕ್ಕೆ ಸರಿಯಲು ಹೊತ್ತು ಬೇಕು. ಬೇಡಿಕೆ ಅದಕ್ಕಿಂತ ಬೇಗ ಬಂದರೆ ಹೊರಮೈ ತುಂಬಿ, ಹರಳು ನಿಜಕ್ಕಿಂತ ಹೆಚ್ಚು ಮುಗಿದಂತೆ ವರ್ತಿಸುತ್ತದೆ. ಸತುವಿನ ಬಳಿಯೂ ಕ್ಷಾರ ತೆಳುವಾಗಿ, ಸುತ್ತಲಿನಿಂದ ಹೊಸದು ಹರಿದು ಬರಬೇಕಾಗುತ್ತದೆ. ಸೆಲ್ಲಿಗೆ ಬಿಡುವು ಕೊಟ್ಟರೆ ಇವೆಲ್ಲ ಸಮವಾಗುತ್ತವೆ. ನಿಂತ ಆಟಿಕೆ ಒಂದು ರಾತ್ರಿ ಕಳೆದು ಬೆಳಿಗ್ಗೆ ಎರಡು ಸುತ್ತು ಓಡುವುದು, ಮಕ್ಕಳು ಸಂಭ್ರಮಪಡುವಷ್ಟರಲ್ಲಿ ಮತ್ತೆ ನಿಲ್ಲುವುದು ಇದೇ ಕಾರಣಕ್ಕೆ. ಹೊಸ ಶಕ್ತಿ ಎಲ್ಲಿಂದಲೂ ಬಂದಿಲ್ಲ, ಒಳಗಿದ್ದದ್ದು ಕೈಗೆಟುಕುವ ಜಾಗಕ್ಕೆ ಬಂದಿದೆ ಅಷ್ಟೆ.

ಟಾರ್ಚಿನ ಸೆಲ್ಲುಗಳನ್ನು ಬಿಸಿಲಿಗೆ ಇಡುತ್ತಿದ್ದ ಹಳೆಯ ರೂಢಿಗೂ ಇಲ್ಲೇ ವಿವರಣೆ ಇದೆ. ಬಿಸಿಯಲ್ಲಿ ದ್ರವದೊಳಗಿನ ಓಡಾಟ ಚುರುಕಾಗಿ ಆಂತರಿಕ ರೋಧ ತಗ್ಗುತ್ತದೆ, ಬಿಸಿಲಿನಲ್ಲಿದ್ದಷ್ಟು ಹೊತ್ತು ಬಿಡುವೂ ಸಿಕ್ಕಿರುತ್ತದೆ. ಆ ಸೆಲ್ಲುಗಳು ಸತು-ಕಾರ್ಬನ್ ಬಗೆಯವು. ಅವನ್ನು ಕಚ್ಚಿ, ಜಜ್ಜಿ ಬಳಸಿದವರೂ ಉಂಟು. ಆಲ್ಕಲೈನ್ ಸೆಲ್ಲಿನ ಮೇಲೆ ಈ ಯಾವ ಪ್ರಯೋಗವೂ ಬೇಡ. ಕಾಯಿಸಿದರೆ ಒಳಗೆ ಅನಿಲ ಹೆಚ್ಚಿ ಸೋರುತ್ತದೆ, ಕಚ್ಚಿದರೆ ಬಾಯಿಗೆ ಬರುವುದು ಕ್ಷಾರ.

ಬಿಪಿ ಮಷೀನು ತಿರಸ್ಕರಿಸಿದ ಸೆಲ್ಲನ್ನು ಗೋಡೆ ಗಡಿಯಾರಕ್ಕೆ ಹಾಕುವುದು ಎಷ್ಟೋ ಮನೆಗಳಲ್ಲಿ ಅಜ್ಜಿಯರ ಕಾಲದಿಂದ ಬಂದ ಜಾಣತನ. ಭೌತಶಾಸ್ತ್ರ ಅದಕ್ಕೆ ಪೂರ್ತಿ ಒಪ್ಪಿಗೆ ಕೊಡುತ್ತದೆ. ಕ್ವಾರ್ಟ್ಸ್ ಗಡಿಯಾರ ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಕೆಲವೇ ಮಿಲಿಆಂಪಿಯರ್ ಎಳೆಯುತ್ತದೆ. 0.67 ಓಮಿನಲ್ಲಿ ಅದರಿಂದ ಕಳೆಯುವುದು ವೋಲ್ಟಿನ ಸಾವಿರದಲ್ಲಿ ಕೆಲವೇ ಭಾಗ. ಗಡಿಯಾರಕ್ಕೆ ಆ ರೋಧ ಇರುವುದೇ ತಿಳಿಯುವುದಿಲ್ಲ. ಸರಾಸರಿ ಲೆಕ್ಕಕ್ಕೆ ಅದರ ಬೇಡಿಕೆ ಒಂದು ಮಿಲಿಆಂಪಿಯರಿನ ಐದನೇ ಒಂದು ಭಾಗದಷ್ಟು ಎಂದಿಟ್ಟುಕೊಂಡರೆ, ಸೆಲ್ಲಿನಲ್ಲಿ 500 ಮಿಲಿಆಂಪಿಯರ್-ಗಂಟೆ ಉಳಿದಿದ್ದರೂ 2500 ಗಂಟೆ, ಅಂದರೆ ಮೂರು ತಿಂಗಳಿಗೂ ಮಿಕ್ಕಿ ನಡೆಯುತ್ತದೆ. ಟಿವಿ ರಿಮೋಟು ಇವೆರಡರ ನಡುವಿನದು. ಬಟನ್ ಒತ್ತಿದಾಗ ಮಾತ್ರ ಕೆಲಸ, ಮಿಕ್ಕ ಹೊತ್ತೆಲ್ಲ ಬಿಡುವು. ಹಳೆಯ ಸೆಲ್ಲಿಗೆ ಹೇಳಿ ಮಾಡಿಸಿದ ಜಾಗ.

ಹಾಗಾದರೆ ಸೆಲ್ಲು ‘ಮುಗಿಯಿತು’ ಎನ್ನುವ ತೀರ್ಪು ಸೆಲ್ಲಿನದಲ್ಲ, ಅದನ್ನು ಬಳಸುವ ಯಂತ್ರದ್ದು. ಸೆಲ್ಲುಗಳಿಗೆ ಮಾನಕ ರೂಪಿಸುವ ಐಇಸಿ ಸಂಸ್ಥೆಯೂ ಇದನ್ನು ಒಪ್ಪಿಕೊಂಡಿದೆ. ಅದರ 60086 ಎಂಬ ಮಾನಕದಲ್ಲಿ ಎಎ ಸೆಲ್ಲಿಗೆ ಒಂದೇ ಅಂತಿಮ ವೋಲ್ಟೇಜು ಇಲ್ಲ, ಬಳಕೆಗೆ ತಕ್ಕಂತೆ ಬೇರೆ ಬೇರೆ. ಡಿಜಿಟಲ್ ಕ್ಯಾಮೆರಾ ಪರೀಕ್ಷೆಯಲ್ಲಿ ಎರಡು ಸೆಕೆಂಡ್ ಒಂದೂವರೆ ವ್ಯಾಟ್, ನಂತರ ಇಪ್ಪತ್ತೆಂಟು ಸೆಕೆಂಡ್ ಅದರ ಅರ್ಧಕ್ಕಿಂತ ಕಡಿಮೆ, ಹೀಗೆ ಗಂಟೆಗೆ ಹತ್ತು ಬಾರಿ ಸೆಲ್ಲನ್ನು ದುಡಿಸುತ್ತಾರೆ. ಕೆಲಸ ಮಾಡುತ್ತಿರುವಾಗ ವೋಲ್ಟೇಜು 1.05ಕ್ಕೆ ಇಳಿದರೆ ಕ್ಯಾಮೆರಾದ ಮಟ್ಟಿಗೆ ಸೆಲ್ಲು ಮುಗಿದಂತೆ. ಆಟಿಕೆಯ ಪರೀಕ್ಷೆಯಲ್ಲಿ 0.8 ವೋಲ್ಟಿನವರೆಗೆ ಬಿಡುತ್ತಾರೆ. ಎರಡರಲ್ಲೂ ಅಳೆಯುವುದು ಹೊರೆ ಹೊತ್ತಿರುವಾಗಿನ ವೋಲ್ಟೇಜನ್ನು. ಸುಮ್ಮನೆ ಕೂತ ಸೆಲ್ಲಿನ ಅಂಕಿಯನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಇದನ್ನೆಲ್ಲ ಕೇಳಿದವರಿಗೆ ಒಂದು ಉಪಾಯ ಹೊಳೆಯದೆ ಇರದು. ಉಳಿದಿರುವ ಶಕ್ತಿಯನ್ನು ಒಂದು ಪುಟ್ಟ ಸರ್ಕ್ಯೂಟಿನಿಂದ ಮತ್ತೆ ಒಂದೂವರೆ ವೋಲ್ಟಿಗೆ ಏರಿಸಿದರೆ ಆಗದೇ? ಏರಿಸಬಹುದು, ಅಂಥ ಸರ್ಕ್ಯೂಟುಗಳು ಇವೆ. 2015ರಲ್ಲಿ ಅಮೆರಿಕದಲ್ಲಿ ‘ಬ್ಯಾಟರೈಸರ್’ ಎಂಬ ತೆಳು ಕವಚವೊಂದು ಸೆಲ್ಲಿನ ಆಯುಷ್ಯವನ್ನು ಎಂಟು ಪಟ್ಟು ಹೆಚ್ಚಿಸುತ್ತದೆಂದು ಹೇಳಿಕೊಂಡು ದೊಡ್ಡ ಸುದ್ದಿ ಮಾಡಿತ್ತು, ಎಲೆಕ್ಟ್ರಾನಿಕ್ಸ್ ಬಲ್ಲವರಿಂದ ಅಷ್ಟೇ ದೊಡ್ಡ ಟೀಕೆಯನ್ನೂ ಕೇಳಿತ್ತು. ತೊಡಕು ಏನೆಂದರೆ, ವೋಲ್ಟೇಜು ಏರಿಸುವ ಸರ್ಕ್ಯೂಟು ಅದಕ್ಕೆ ಬೆಲೆಯಾಗಿ ಸೆಲ್ಲಿನಿಂದ ಹೆಚ್ಚು ಕರೆಂಟು ಎಳೆಯುತ್ತದೆ. ಕರೆಂಟು ಹೆಚ್ಚಿದಂತೆ ಆಂತರಿಕ ರೋಧದಲ್ಲಿ ಕಳೆಯುವುದೂ ಹೆಚ್ಚುತ್ತದೆ. ಸೆಲ್ಲು ಕುಸಿದಷ್ಟೂ ಸರ್ಕ್ಯೂಟು ಇನ್ನಷ್ಟು ಎಳೆಯುತ್ತದೆ, ಇನ್ನಷ್ಟು ಎಳೆದರೆ ಸೆಲ್ಲು ಇನ್ನಷ್ಟು ಕುಸಿಯುತ್ತದೆ.

ಇದಕ್ಕೊಂದು ಗಟ್ಟಿ ಮಿತಿಯೂ ಇದೆ. ಯಾವ ಸೆಲ್ಲಾದರೂ ಹೊರಗೆ ಕೊಡಬಲ್ಲ ಗರಿಷ್ಠ ವ್ಯಾಟ್ ಸಿಗುವುದು ಅದರ ವೋಲ್ಟೇಜಿನ ಸರಿ ಅರ್ಧ ಒಳಗೇ ಕಳೆದುಹೋಗುವಾಗ. ಅದನ್ನು ತಿಳಿಯಲು ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಆಂತರಿಕ ರೋಧದ ನಾಲ್ಕು ಪಟ್ಟಿನಿಂದ ಭಾಗಿಸಬೇಕು. ಹೊಸ ಸೆಲ್ಲಿಗೆ ಇದು ಮೂರು ವ್ಯಾಟಿಗೂ ಸ್ವಲ್ಪ ಮೇಲೆ. 1.27 ವೋಲ್ಟ್, 0.67 ಓಮಿನ ನಮ್ಮ ಸೆಲ್ಲಿಗೆ 0.6 ವ್ಯಾಟ್. ನಾಲ್ಕು ಸೇರಿ 2.4. ಹೊಸ ಸೆಲ್ಲುಗಳಲ್ಲಿ ಬಿಪಿ ಪಂಪು ಬಳಸುತ್ತಿದ್ದದ್ದು 5.9 ವೋಲ್ಟ್, ಅರ್ಧ ಆಂಪಿಯರ್, ಎಂದರೆ ಸುಮಾರು ಮೂರು ವ್ಯಾಟ್. ನಡುವೆ ಎಂಥ ಚಮತ್ಕಾರದ ಸರ್ಕ್ಯೂಟು ಕೂರಿಸಿದರೂ ಈ ನಾಲ್ಕು ಸೆಲ್ಲುಗಳು ಆ ಪಂಪನ್ನು ಮೊದಲಿನ ವೇಗದಲ್ಲಿ ಓಡಿಸಲಾರವು. ಅದೇ ಸರ್ಕ್ಯೂಟಿಗೆ ಒಂದು ಚಿಕ್ಕ ಎಲ್‌ಇಡಿ ದೀಪ ಕಟ್ಟಿದರೆ, ಸೆಲ್ಲು ಒಂದು ವೋಲ್ಟಿಗಿಂತ ಕೆಳಗಿಳಿದ ಮೇಲೂ ಎಷ್ಟೋ ಹೊತ್ತು ಮಂದವಾಗಿ ಉರಿಯುತ್ತದೆ.

ನಾಲ್ಕು ಸೆಲ್ಲುಗಳ ಸಾಲಿನಲ್ಲಿ ಇನ್ನೊಂದು ಕಿತಾಪತಿ ಇದೆ, ಮೀಟರಿನ ಅಂಕಿ ನಂಬಿದವರು ಬೀಳುವುದು ಹೆಚ್ಚಾಗಿ ಇದರಲ್ಲೇ. ಮೂರು ಸೆಲ್ಲು ಚೆನ್ನಾಗಿದ್ದು ಒಂದು ಮಾತ್ರ ಹಳೆಯದಾಗಿರಬಹುದು, ಯಾರೋ ರಿಮೋಟಿನಿಂದ ತೆಗೆದು ಸೇರಿಸಿದ್ದಿರಬಹುದು. ಸುಮ್ಮನಿದ್ದಾಗ ಅದು 1.2 ತೋರಿಸಿ, ಮಿಕ್ಕವುಗಳ ಜೊತೆ ಬೆರೆತುಹೋಗುತ್ತದೆ. ಸಾಲಿನಲ್ಲಿ ಎಲ್ಲದರ ಮೂಲಕವೂ ಒಂದೇ ಕರೆಂಟು ಹರಿಯಬೇಕಾದ್ದರಿಂದ, ಅರ್ಧ ಆಂಪಿಯರಿನ ಬೇಡಿಕೆ ಬಂದಾಗ ಆ ಒಂದರ ವೋಲ್ಟೇಜು ಸೊನ್ನೆಗೆ ಇಳಿದು, ಅದಕ್ಕೂ ಕೆಳಗೆ, ಋಣದ ಕಡೆಗೆ ತಿರುಗಬಹುದು. ಮಿಕ್ಕ ಮೂರು ಸೆಲ್ಲುಗಳು ಅದನ್ನು ಉಲ್ಟಾ ದಬ್ಬುತ್ತಿರುತ್ತವೆ. ಆಗ ಅದರೊಳಗೆ ಹೈಡ್ರೋಜನ್ ಅನಿಲ ಹುಟ್ಟಿ, ಒತ್ತಡ ಏರಿ, ಕೆಳಗಿನ ಪ್ಲಾಸ್ಟಿಕ್ ಸೀಲು ಬಿಡುತ್ತದೆ. ಹೊರಬಂದ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡಿನ ಜೊತೆ ಸೇರಿ ಪೊಟ್ಯಾಸಿಯಂ ಕಾರ್ಬೊನೇಟ್ ಆಗುತ್ತದೆ. ಸ್ಪ್ರಿಂಗಿನ ಸುತ್ತ ಕಾಣುವ ಬಿಳಿ ಬೂಷ್ಟು ಅದೇ. ಹಾಗಾಗಿದ್ದರೆ ಕೈಗೆ ಗ್ಲೌಸ್ ಹಾಕಿ, ವಿನೆಗರ್ ಇಲ್ಲವೇ ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಕ್ಷಾರಕ್ಕೆ ಆಮ್ಲವೇ ಮದ್ದು.

ಅಂಗಡಿಯ ಹುಡುಗ ಮೇಷ್ಟ್ರ ನಾಲ್ಕೂ ಸೆಲ್ಲಿಗೆ ರೆಸಿಸ್ಟರ್ ತಾಗಿಸಿ ನೋಡಿದ್ದು ಇದಕ್ಕೇ. ಒಂದೇ ಒಂದು ಬೇರೆ ರೀತಿ ಕುಸಿದರೆ ದೋಷ ಆ ಒಂದರದ್ದು, ನಾಲ್ಕೂ ಒಂದೇ ರೀತಿ ಕುಸಿದರೆ ಎಲ್ಲದರ ಕಾಲವೂ ಮುಗಿಯುತ್ತ ಬಂದಿದೆ. ನನ್ನ ಅಂದಾಜಿನ ಗೆರೆ ಹೀಗಿದೆ: ಹತ್ತು ಓಮ್ ಹೊರೆಯಲ್ಲಿ ಹತ್ತು ಸೆಕೆಂಡಿನ ನಂತರವೂ 1.3ಕ್ಕಿಂತ ಮೇಲೆ ನಿಂತರೆ ಪಂಪು, ಮೋಟಾರು, ಕ್ಯಾಮೆರಾದಂಥ ಹೊಟ್ಟೆಬಾಕಗಳಿಗೆ ಹಾಕಬಹುದು. 1.1ರಿಂದ 1.3ರ ನಡುವೆ ಇದ್ದರೆ ರಿಮೋಟು, ಗಡಿಯಾರಕ್ಕೆ. ಅದಕ್ಕಿಂತ ಕೆಳಗಿಳಿದು ಜಾರುತ್ತಲೇ ಇದ್ದರೆ ಇ-ಕಸದ ಡಬ್ಬಿಗೆ. ಕೆಲವು ಮಲ್ಟಿಮೀಟರುಗಳಲ್ಲಿ ‘BATT’ ಎಂದು ಬರೆದ ಸ್ಥಾನವೊಂದಿರುತ್ತದೆ, ಅಲ್ಲಿ ಮೀಟರು ತಾನೇ ಒಳಗಿನಿಂದ ಹೊರೆ ಹಾಕುತ್ತದೆ. ಅದರ ಕರೆಂಟು ಸಾಮಾನ್ಯವಾಗಿ ಕೆಲವೇ ಮಿಲಿಆಂಪಿಯರ್, ಆದ್ದರಿಂದ ಅಲ್ಲಿ ಪಾಸಾದ ಸೆಲ್ಲು ಗಡಿಯಾರಕ್ಕೆ ಯೋಗ್ಯ ಎಂದಷ್ಟೇ ತಿಳಿಯಬಹುದು, ಬಿಪಿ ಪಂಪಿನ ವಿಷಯದಲ್ಲಿ ಅದರ ಮಾತು ನಂಬುವಂತಿಲ್ಲ.